ಒಂದೇ ಬಿಲ್ ಎರಡು ಸಲ ಏರದಂತೆ ಎಂಟ್ರಿಯಲ್ಲೇ ಹಿಡಿಯುವುದು ಹೇಗೆ

ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಫ್ಯಾಕ್ಟರಿ ಅಂದುಕೊಳ್ಳಿ. ಬೋಲ್ಟ್ ನಟ್ಟು ಬೇಕಾದಾಗ ಹೊಸಕೋಟೆ ಡಿಪೋದಿಂದ ತರಿಸುತ್ತಾರೆ. ನವೆಂಬರ್ 12ರಂದು ಟೆಂಪೋ ಬಂತು, ಜೊತೆಗೆ ಬಿಲ್ ಬಂತು. ಸ್ಟೋರ್ಸ್‌ನವರು ಮಾಲು ಎಣಿಸಿ, ಸೀಲ್ ಹಾಕಿ, ಮಾರನೇ ದಿನ ಆಫೀಸಿಗೆ ಕಳಿಸಿದರು. ಅಕೌಂಟ್ಸ್‌ನಲ್ಲಿ ಎಂಟ್ರಿ ಆಯಿತು. ಡಿಸೆಂಬರ್ ಮೊದಲ ವಾರ ಸಪ್ಲೈಯರ್ ಕಡೆಯಿಂದ ಫೋನ್: "ಮೇಡಂ, ನಮ್ಮ ಪೇಮೆಂಟ್ ಬಾಕಿ ಇದೆ, ಬಿಲ್ ವಾಟ್ಸಾಪ್ ಮಾಡಿದೀನಿ ನೋಡಿ." ಆ ದಿನ ಎಂಟ್ರಿ ಮಾಡುತ್ತಿದ್ದವರು ಬೇರೆ. ಪಿಡಿಎಫ್ ತೆರೆದರು, ಎಂಟ್ರಿ ಮಾಡಿದರು. ಒಂದು ಬಿಲ್ ಎರಡು ಆಯಿತು.

ಇಲ್ಲಿ ಯಾರೂ ಮೋಸ ಮಾಡಿಲ್ಲ. ಒಂದೇ ಬಿಲ್ ಎರಡು ದಾರಿಯಲ್ಲಿ ಬಂದದ್ದೇ ಕಾರಣ. ಜಿಎಸ್‌ಟಿ ನಿಯಮದ ಪ್ರಕಾರ ಸರಕಿನ ಬಿಲ್ಲಿಗೆ ಮೂರು ಪ್ರತಿ ಇರಬೇಕು: ಕೊಳ್ಳುವವರಿಗೆ ಒರಿಜಿನಲ್, ಸಾಗಿಸುವವರಿಗೆ ಡೂಪ್ಲಿಕೇಟ್, ಮಾರುವವರಿಗೆ ಟ್ರಿಪ್ಲಿಕೇಟ್. ಟೆಂಪೋ ಡ್ರೈವರ್ ಕೈಯಲ್ಲಿ ಬರುವುದು ಎಷ್ಟೋ ಸಲ ಎರಡನೆಯದು. ಒರಿಜಿನಲ್ ಆಮೇಲೆ ಮೇಲ್‌ನಲ್ಲೋ ವಾಟ್ಸಾಪ್‌ನಲ್ಲೋ ಬರುತ್ತದೆ. ಅದರ ಮೇಲೆ ದೊಡ್ಡದಾಗಿ ಒರಿಜಿನಲ್ ಅಂತಲೇ ಇರುವುದರಿಂದ, ಇದೇ ಹೊಸ ಬಿಲ್ ಅಂತ ನಂಬುವುದು ಸಹಜ. ಹಾಗಾಗಿ ಸುಮ್ನೆ "ಗಮನ ಇಟ್ಟು ಮಾಡಿ" ಅಂದರೆ ಇದು ನಿಲ್ಲುವುದಿಲ್ಲ. ಎಂಟ್ರಿ ಮಾಡುವ ಜಾಗದಲ್ಲೇ ಒಂದು ಚೆಕ್ ಬೇಕು.

ಎಕ್ಸೆಲ್‌ನಲ್ಲಿ ಒಂದು ಬಿಲ್ ರಿಜಿಸ್ಟರ್ ಇಟ್ಟು ಈ ಚೆಕ್ ಮಾಡುವ ವಿಧಾನವನ್ನು ಇಲ್ಲಿ ಹೇಳುತ್ತೇನೆ. ಬಿಲ್ ಮೊದಲು ಈ ರಿಜಿಸ್ಟರ್‌ಗೆ, ಆಮೇಲೆ ಟ್ಯಾಲಿಗೋ ನೀವು ಬಳಸುವ ಬೇರೆ ಸಾಫ್ಟ್‌ವೇರ್‌ಗೋ ಹೋಗಬೇಕು. ಟ್ಯಾಲಿ ಬಳಸುವವರಿಗೆ ಒಂದು ಮಾತು. ಅಲ್ಲಿ ವೋಚರ್ ನಂಬರ್ ಬೇರೆ, ಸಪ್ಲೈಯರ್ ಬಿಲ್ ನಂಬರ್ ಬೇರೆ. ವೋಚರ್ ಟೈಪ್‌ನಲ್ಲಿ `Prevent duplicates` ಆನ್ ಮಾಡಿದ್ದೇವೆ ಅಂತ ಕೆಲವರು ನಿಶ್ಚಿಂತೆಯಿಂದ ಇರುತ್ತಾರೆ. ಅದು ಕಾಯುವುದು ನಿಮ್ಮ ವೋಚರ್ ನಂಬರನ್ನು ಮಾತ್ರ.

ಮೊದಲು, ಯಾವುದನ್ನು ಹೋಲಿಸಬೇಕು?

ಬಿಲ್ ನಂಬರ್ ಒಂದನ್ನೇ ಹೋಲಿಸಿದರೆ ಸಾಲದು. ನಂಬರ್ 417 ಹತ್ತು ಸಪ್ಲೈಯರ್‌ಗಳ ಹತ್ತಿರವೂ ಇರುತ್ತದೆ. ಹೆಸರು ಸೇರಿಸಿದರೂ ಕೆಲಸ ಆಗದು. "ಶ್ರೀ" ಅಂತ ಒಬ್ಬರು ಬರೆದರೆ ಇನ್ನೊಬ್ಬರು ಅದನ್ನು ಬಿಟ್ಟು ಬರೆಯುತ್ತಾರೆ. ಲೆಡ್ಜರ್ ಎರಡಾಗುತ್ತದೆ, ಬಿಲ್ಲೂ ಎರಡಾಗುತ್ತದೆ.

ಉತ್ತರ ಜಿಎಸ್‌ಟಿ ನಿಯಮದಲ್ಲೇ ಇದೆ. ಬಿಲ್ ನಂಬರ್ 16 ಅಕ್ಷರ ಮೀರಬಾರದು, ಆ ಹಣಕಾಸು ವರ್ಷದಲ್ಲಿ ಮತ್ತೆ ಬರಬಾರದು ಅಂತ ನಿಯಮ ಹೇಳುತ್ತದೆ. ಅಂದರೆ ಸಪ್ಲೈಯರ್ ಜಿಎಸ್‌ಟಿ ನಂಬರ್, ಹಣಕಾಸು ವರ್ಷ, ಬಿಲ್ ನಂಬರ್, ಈ ಮೂರೂ ಒಂದೇ ಆಗಿದ್ದರೆ ಅದು ಒಂದೇ ಬಿಲ್. ಇ-ಇನ್ವಾಯ್ಸ್ ಪೋರ್ಟಲ್ ಕೂಡ ಇದೇ ಲೆಕ್ಕ ಹಾಕುತ್ತದೆ. ಅದು ಪ್ರತಿ ಬಿಲ್ಲಿಗೂ ಕೊಡುವ 64 ಅಕ್ಷರದ ಗುರುತಿನ ನಂಬರ್, ಅಂದರೆ ಐಆರ್‌ಎನ್, ಹುಟ್ಟುವುದು ಈ ಮೂರು ಮತ್ತು ದಾಖಲೆಯ ಬಗೆ ಸೇರಿ. ದಾಖಲೆಯ ಬಗೆ ಅಂದರೆ ಬಿಲ್ಲೋ, ಕ್ರೆಡಿಟ್ ನೋಟೋ, ಡೆಬಿಟ್ ನೋಟೋ ಅನ್ನುವುದು. ಕ್ರೆಡಿಟ್ ನೋಟ್‌ಗೆ ನೀವು ಬೇರೆ ಶೀಟ್ ಇಟ್ಟರೆ ಅದರ ತಲೆನೋವು ಇಲ್ಲ.

ಮಾಲೂರಿನವರಿಗೆ ಇದರಿಂದ ಇನ್ನೊಂದು ಅನುಕೂಲ ಇದೆ. ಗಡಿಯಾಚೆ ಹೊಸೂರು ಹತ್ತಿರವೇ ಇದೆ. ಒಂದೇ ಸಪ್ಲೈಯರ್‌ಗೆ ಹೊಸಕೋಟೆಯಲ್ಲೂ ಹೊಸೂರಿನಲ್ಲೂ ಡಿಪೋ ಇರಬಹುದು. ಕರ್ನಾಟಕದ ಜಿಎಸ್‌ಟಿ ನಂಬರ್ 29ರಿಂದ ಶುರುವಾದರೆ ತಮಿಳುನಾಡಿನದು 33ರಿಂದ. ಎರಡೂ ಕಡೆ ಬಿಲ್ ಸರಣಿ ಬೇರೆ ಬೇರೆ ನಡೆಯುವುದರಿಂದ ಎರಡೂ ಕಡೆ ಒಂದೇ ನಂಬರಿನ ಬಿಲ್ ಇರಬಹುದು. ಹೆಸರು ನೋಡಿ ಹೋಲಿಸಿದರೆ ಸುಳ್ಳು ಎಚ್ಚರಿಕೆ. ಜಿಎಸ್‌ಟಿ ನಂಬರ್ ನೋಡಿದರೆ ಗೊಂದಲವೇ ಇಲ್ಲ.

ರಿಜಿಸ್ಟರ್ ಕಟ್ಟುವುದು

ಎಕ್ಸೆಲ್‌ನಲ್ಲಿ ಹೊಸ ಶೀಟ್ ತೆಗೆಯಿರಿ. `A` ಕಾಲಂನಲ್ಲಿ ಬಿಲ್ ಕೈಗೆ ಬಂದ ದಿನ, `B`ಯಲ್ಲಿ ಸಪ್ಲೈಯರ್ ಜಿಎಸ್‌ಟಿ ನಂಬರ್, `C`ಯಲ್ಲಿ ಬಿಲ್ ನಂಬರ್, `D`ಯಲ್ಲಿ ಬಿಲ್ ದಿನಾಂಕ, `E`ಯಲ್ಲಿ ತೆರಿಗೆ ಸೇರಿದ ಒಟ್ಟು ಮೊತ್ತ. ಟೈಪ್ ಮಾಡುವುದು ಇಷ್ಟೇ. ಮುಂದಿನ ನಾಲ್ಕು ಕಾಲಂ ಫಾರ್ಮುಲಾಗಳಿಗೆ. ಕೊನೆಗೆ `J` ಕಾಲಂನಲ್ಲಿ ಸ್ಟೋರ್ಸ್‌ನ ಮಾಲು ರಸೀದಿ, ಅಂದರೆ ಜಿಆರ್‌ಎನ್ ನಂಬರ್. ಇದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಟೈಪ್ ಮಾಡುವ ಮೊದಲು `C` ಕಾಲಂ ಪೂರ್ತಿ ಸೆಲೆಕ್ಟ್ ಮಾಡಿ ಫಾರ್ಮ್ಯಾಟ್ ಅನ್ನು `Text` ಮಾಡಿ. ಇದನ್ನು ಬಿಟ್ಟರೆ ಎಕ್ಸೆಲ್ ತನ್ನ ಬುದ್ಧಿ ಓಡಿಸುತ್ತದೆ. 0417 ಅಂತ ಹೊಡೆದರೆ ಸೊನ್ನೆ ನುಂಗಿ 417 ಮಾಡುತ್ತದೆ. 12/3 ಅನ್ನುವ ಬಿಲ್ ನಂಬರ್ ಹೊಡೆದರೆ ಅದನ್ನು ತಾರೀಖು ಮಾಡಿಬಿಡುತ್ತದೆ. ಒಮ್ಮೆ ತಾರೀಖು ಆದಮೇಲೆ ಫಾರ್ಮ್ಯಾಟ್ ಬದಲಿಸಿದರೆ ಹಳೇ ನಂಬರ್ ವಾಪಸ್ ಬರುವುದಿಲ್ಲ, ಮತ್ತೆ ಹೊಡೆಯಬೇಕು.

ಜಿಎಸ್‌ಟಿ ನಂಬರನ್ನು ಯಾರೂ ಕೈಯಿಂದ ಟೈಪ್ ಮಾಡಬಾರದು. 15 ಅಕ್ಷರದಲ್ಲಿ ಸೊನ್ನೆ ಯಾವುದು, ಇಂಗ್ಲಿಷ್ ಓ ಯಾವುದು ಅಂತ ಸಂಜೆ ಹೊತ್ತಿಗೆ ಕಣ್ಣಿಗೆ ಕಾಣುವುದಿಲ್ಲ. ಬೇರೆ ಶೀಟಿನಲ್ಲಿ ಸಪ್ಲೈಯರ್ ಪಟ್ಟಿ ಇಟ್ಟು, `B` ಕಾಲಂಗೆ ಡೇಟಾ ವ್ಯಾಲಿಡೇಷನ್‌ನಿಂದ ಆ ಪಟ್ಟಿ ಜೋಡಿಸಿ. ಆರಿಸಿದರೆ ಸಾಕು.

ಈಗ ಬಿಲ್ ನಂಬರನ್ನು ಶುಚಿ ಮಾಡುವ ಫಾರ್ಮುಲಾ. ಇದು `F2`ನಲ್ಲಿ:

```
=UPPER(SUBSTITUTE(SUBSTITUTE(SUBSTITUTE(SUBSTITUTE(C2,"/",""),"-","")," ",""),".",""))
```

ಸ್ಲ್ಯಾಷ್, ಅಡ್ಡಗೆರೆ, ಖಾಲಿ ಜಾಗ, ಚುಕ್ಕಿ ಎಲ್ಲ ಹೋಗಿ, ಅಕ್ಷರಗಳು ದೊಡ್ಡವಾಗುತ್ತವೆ. `HC/25-26/0417` ಅನ್ನುವುದೂ `hc 25-26-0417` ಅನ್ನುವುದೂ ಈಗ `HC25260417` ಆಗುತ್ತವೆ. ಇ-ಇನ್ವಾಯ್ಸ್ ಪೋರ್ಟಲ್ ಕೂಡ 2025ರ ಜೂನ್ 1ರಿಂದ ಬಿಲ್ ನಂಬರಿನಲ್ಲಿ ಸಣ್ಣಕ್ಷರ ದೊಡ್ಡಕ್ಷರ ಭೇದ ನೋಡುವುದಿಲ್ಲ.

`G2`ನಲ್ಲಿ ಮೂರನ್ನೂ ಸೇರಿಸಿ ಒಂದು ಗುರುತು ಮಾಡೋಣ:

```
=B2&"|"&(YEAR(D2)-(MONTH(D2)<4))&"|"&F2
```

ನಡುವಿನ ಭಾಗ ಹಣಕಾಸು ವರ್ಷ ಶುರುವಾದ ಇಸವಿಯನ್ನು ಕೊಡುತ್ತದೆ. 2026ರ ಫೆಬ್ರವರಿ ಬಿಲ್ಲಿಗೆ 2025 ಅಂತ ಬರುತ್ತದೆ. ಗಮನಿಸಿ, ಲೆಕ್ಕ ಹಾಕುವುದು ಬಿಲ್ ದಿನಾಂಕದಿಂದ, ಎಂಟ್ರಿ ಮಾಡಿದ ದಿನದಿಂದ ಅಲ್ಲ.

ಎರಡು ಚೆಕ್, ಎರಡು ಬಗೆಯ ಮಾತು

`H2`ನಲ್ಲಿ ಮೊದಲ ಚೆಕ್:

```
=IF(NOT(ISBLANK(C2))*COUNTIF(G$2:G2,G2)>1,"ನಿಲ್ಲಿಸಿ","")
```

ಇದೇ ಗುರುತು ಮೇಲೆ ಎಲ್ಲಾದರೂ ಇದ್ದರೆ "ನಿಲ್ಲಿಸಿ" ಅಂತ ಬರುತ್ತದೆ. ಮೊದಲ ಸಲ ಬಂದ ಸಾಲಿಗೆ ಏನೂ ಬರುವುದಿಲ್ಲ, ಎರಡನೇ ಸಾಲಿಗೆ ಮಾತ್ರ. ಅದಕ್ಕೇ ಈ ಶೀಟನ್ನು ಸಾರ್ಟ್ ಮಾಡಬೇಡಿ. ಸಾಲುಗಳು ಜಾಗ ಬದಲಿಸಿದರೆ ಯಾವುದು ಮೊದಲು ಬಂತು ಅನ್ನುವುದೇ ಕಲಸಿಹೋಗುತ್ತದೆ. ಹುಡುಕಬೇಕಾದರೆ ಫಿಲ್ಟರ್ ಹಾಕಿ.

ಈಗ ನಮ್ಮ ಉದಾಹರಣೆಗೆ ಬನ್ನಿ. ಬಿಲ್ ನಂಬರ್ `HC/25-26/0417`, ದಿನಾಂಕ 12-11-2025. ಮಾಲಿನ ಬೆಲೆ 41,200 ರೂಪಾಯಿ. 18% ಜಿಎಸ್‌ಟಿ 7,416. ಒಟ್ಟು 48,616. ನವೆಂಬರ್ 13ರಂದು ಮೊದಲನೆಯವರು ನಂಬರನ್ನು ಪೂರ್ತಿ ಹೊಡೆದಿದ್ದರು. ಡಿಸೆಂಬರ್‌ನಲ್ಲಿ ಎರಡನೆಯವರು ಅವಸರದಲ್ಲಿ `HC/417` ಅಂತ ಮಾತ್ರ ಹೊಡೆದರು. ಶುಚಿ ಮಾಡಿದ ಮೇಲೆ ಒಂದು `HC25260417`, ಇನ್ನೊಂದು `HC417`. ಮೊದಲ ಚೆಕ್‌ಗೆ ಇವು ಎರಡು ಬೇರೆ ಬಿಲ್. ಅದು ಸುಮ್ಮನೆ ಕೂತಿತು.

ಆದ್ದರಿಂದ ಬಿಲ್ ನಂಬರನ್ನೇ ನೋಡದ ಎರಡನೇ ಚೆಕ್ ಬೇಕು. ಅದೇ ಸಪ್ಲೈಯರ್, ಅದೇ ದಿನಾಂಕ, ಅದೇ ಮೊತ್ತ ಇದೆಯಾ ಅಂತ ಇದು ಕೇಳುತ್ತದೆ. `I2`ನಲ್ಲಿ:

```
=IF(COUNTIFS(B$2:B2,B2,D$2:D2,D2,E$2:E2,">="&E2-1,E$2:E2,"<="&E2+1)>1,"ನೋಡಿ","")
```

ಒಂದು ರೂಪಾಯಿ ಆಚೀಚೆ ಬಿಟ್ಟದ್ದಕ್ಕೆ ಕಾರಣ ರೌಂಡ್ ಆಫ್. ಒಬ್ಬರು ಪೈಸೆ ಸಮೇತ ಹೊಡೆಯುತ್ತಾರೆ, ಇನ್ನೊಬ್ಬರು ಕೊನೆಯ ಸಾಲಿನ ಪೂರ್ಣ ಮೊತ್ತ ಹೊಡೆಯುತ್ತಾರೆ. ಡಿಸೆಂಬರ್‌ನ ಸಾಲು ಇಲ್ಲಿ ಸಿಕ್ಕಿಬೀಳುತ್ತದೆ: ಜಿಎಸ್‌ಟಿ ನಂಬರ್ ಒಂದೇ, 12-11-2025 ಒಂದೇ, 48,616 ಒಂದೇ.

`F`ನಿಂದ `I` ತನಕದ ನಾಲ್ಕೂ ಫಾರ್ಮುಲಾಗಳನ್ನು ಕೊನೆಯ ತನಕ ಎಳೆಯಿರಿ. ಎರಡು ಚೆಕ್‌ಗಳ ಮಾತು ಬೇರೆ ಬೇರೆ ಇಟ್ಟದ್ದು ಬೇಕಂತಲೇ. "ನಿಲ್ಲಿಸಿ" ಬಂದರೆ ಬಿಲ್ ಮುಂದೆ ಹೋಗಲೇಬಾರದು. "ನೋಡಿ" ಬಂದರೆ ಬಿಲ್ ಬದಿಗಿಟ್ಟು ಕಾಗದ ತೆಗೆದು ನೋಡಬೇಕು, ಅಷ್ಟೇ. ಎರಡಕ್ಕೂ ಬಾಗಿಲು ಮುಚ್ಚಿದರೆ ಏನಾಗುತ್ತದೆ ಗೊತ್ತಾ? ಸರಿಯಾದ ಬಿಲ್ಲುಗಳೂ ಸಿಕ್ಕಿಹಾಕಿಕೊಳ್ಳುತ್ತವೆ. ಎಂಟ್ರಿ ಮಾಡುವವರು ನಂಬರಿನ ಕೊನೆಗೆ ಒಂದು ಚುಕ್ಕಿಯೋ `A` ಅಕ್ಷರವೋ ಸೇರಿಸಿ ದಾಟಿಸುವುದನ್ನು ಕಲಿಯುತ್ತಾರೆ. ಚುಕ್ಕಿಯನ್ನು ಮೇಲಿನ ಫಾರ್ಮುಲಾ ತೆಗೆದುಹಾಕುತ್ತದೆ. `A` ಸೇರಿಸಿದರೆ ಮೊದಲ ಚೆಕ್ ತಪ್ಪುತ್ತದೆ, ಎರಡನೆಯದು ಹಿಡಿಯುತ್ತದೆ. ಆದರೂ ನಂಬರ್ ತಿದ್ದುವ ಅಭ್ಯಾಸ ಒಮ್ಮೆ ಹತ್ತಿದರೆ ಜಿಎಸ್‌ಟಿ ಹೊಂದಾಣಿಕೆಯಲ್ಲಿ ಬೇರೆ ಗೋಳು ಶುರುವಾಗುತ್ತದೆ. ಬಿಲ್ ನಂಬರ್ ಕಾಗದದಲ್ಲಿ ಹೇಗಿದೆಯೋ ಹಾಗೇ, ಪೂರ್ತಿ. ಇದೊಂದು ನಿಯಮದಲ್ಲಿ ರಿಯಾಯಿತಿ ಬೇಡ.

ಎರಡು ಚೆಕ್‌ಗಳನ್ನೂ ಮೋಸಗೊಳಿಸುವ ಒಂದು ತಪ್ಪು ಇದೆ. ಅದು ದಿನಾಂಕ. ಕಂಪ್ಯೂಟರಿನ ರೀಜನ್ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ 12/11/2025 ಅಂತ ಹೊಡೆದದ್ದು ಡಿಸೆಂಬರ್ 11 ಆಗುತ್ತದೆ. ನಂಬರ್ ಬೇರೆ, ದಿನಾಂಕವೂ ಬೇರೆ ಅಂದಮೇಲೆ ಎರಡೂ ಚೆಕ್ ಸುಮ್ಮನಿರುತ್ತವೆ. ರೀಜನ್ ಅನ್ನು ಭಾರತ ಮಾಡಿ, `D` ಕಾಲಂನ ಫಾರ್ಮ್ಯಾಟ್ `dd-mmm-yyyy` ಮಾಡಿ. ತಿಂಗಳು ಅಕ್ಷರದಲ್ಲಿ ಕಂಡರೆ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ. ಬಿಲ್ ದಿನಾಂಕ ಅದು ಕೈಗೆ ಬಂದ ದಿನಕ್ಕಿಂತ ಮುಂದಿದ್ದರೆ ಕೆಂಪು ಬಣ್ಣ ಬರುವ ಹಾಗೆ ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಕಳ್ಳದಾರಿ ಕಾಪಿ ಪೇಸ್ಟ್. ಡೇಟಾ ವ್ಯಾಲಿಡೇಷನ್ ಟೈಪ್ ಮಾಡಿದಾಗ ಮಾತ್ರ ತಡೆಯುತ್ತದೆ, ಪೇಸ್ಟ್ ಮಾಡಿದಾಗ ಬಾಯಿ ಬಿಡುವುದಿಲ್ಲ. ನಾವು ತಡೆಯುವ ಕೆಲಸವನ್ನು ಅದಕ್ಕೆ ಕೊಡದೆ `H` ಮತ್ತು `I` ಕಾಲಂಗಳ ಫಾರ್ಮುಲಾಕ್ಕೆ ಕೊಟ್ಟಿರುವುದು ಅದಕ್ಕೇ.

"ನೋಡಿ" ಅಂದಾಗ ಏನು ನೋಡಬೇಕು

ಎರಡು ಕಾಗದಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಮೊದಲು ನೋಡಬೇಕಾದದ್ದು ಮೊತ್ತವಲ್ಲ, ಮಾಲು. `J` ಕಾಲಂನ ಜಿಆರ್‌ಎನ್ ನಂಬರ್ ನೋಡಿ. ಮಾಲು ಎರಡು ಸಲ ಒಳಗೆ ಬಂದಿದ್ದರೆ ಜಿಆರ್‌ಎನ್ ಎರಡು ಇರುತ್ತವೆ. ಎರಡನೇ ಬಿಲ್ಲಿಗೆ ಜಿಆರ್‌ಎನ್ ಇಲ್ಲ, ಅಥವಾ ಮೊದಲಿನದನ್ನೇ ಬರೆದಿದ್ದಾರೆ ಅಂದರೆ ಅದು ಹಳೇ ಬಿಲ್ಲೇ. ನಮ್ಮ ಉದಾಹರಣೆಯಲ್ಲಿ ಸ್ಟೋರ್ಸ್‌ಗೆ ಫೋನ್ ಮಾಡಿದರೆ ಸಾಕು. "ನವೆಂಬರ್ 12ಕ್ಕೆ ಬೋಲ್ಟ್ ಎಷ್ಟು ಸಲ ಬಂತಣ್ಣ?" "ಒಂದೇ ಸಲ ಮೇಡಂ." ಮುಗಿಯಿತು.

ಆದರೆ "ನೋಡಿ" ಅಂದದ್ದೆಲ್ಲ ತಪ್ಪಲ್ಲ. ಕೋಲಾರದ ಕಡೆ ಫ್ಯಾಕ್ಟರಿಗಳಿಗೆ ನೀರಿನ ಟ್ಯಾಂಕರ್ ಬರುತ್ತದಲ್ವಾ? ಒಂದೇ ದಿನ ಮೂರು ಲೋಡ್, ಪ್ರತಿ ಲೋಡಿಗೂ ಒಂದೇ ದುಡ್ಡು, ಚೀಟಿ ಮೂರು. ಎರಡನೇ ಚೆಕ್ ಇಲ್ಲಿ ದಿನಾ ಕೂಗುತ್ತದೆ. ದಿನಾ ಕೂಗುವ ಚೆಕ್ಕನ್ನು ಜನ ನೋಡುವುದೇ ಬಿಟ್ಟುಬಿಡುತ್ತಾರೆ, ಅದು ನಿಜವಾದ ಅಪಾಯ. ಟ್ಯಾಂಕರ್ ಚೀಟಿಗಳನ್ನು ಬಿಡಿಬಿಡಿಯಾಗಿ ಹೊಡೆಯಬೇಡಿ. ಗೇಟ್ ರಿಜಿಸ್ಟರ್‌ನಲ್ಲಿ ಎಷ್ಟು ಲೋಡ್ ಇದೆ ನೋಡಿ, ವಾರಕ್ಕೆ ಒಂದು ಒಟ್ಟು ಬಿಲ್ ತೆಗೆದುಕೊಳ್ಳಿ.

ಟ್ಯಾಂಕರ್‌ನವರಂತೆ ಜಿಎಸ್‌ಟಿ ನಂಬರ್ ಇಲ್ಲದವರಿಗೆ `B` ಕಾಲಂ ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಎರಡನೇ ಚೆಕ್ ಕೆಲಸವನ್ನೇ ಮಾಡುವುದಿಲ್ಲ. ಮೊದಲ ಚೆಕ್ ಎಲ್ಲ ಖಾಲಿಗಳನ್ನೂ ಒಬ್ಬನೇ ಸಪ್ಲೈಯರ್ ಅಂದುಕೊಳ್ಳುತ್ತದೆ. `NR-014` ಅಂತ ನಿಮ್ಮದೇ ಕೋಡ್ ಕೊಡಿ. ಅವರ ಅಚ್ಚು ಬಿಲ್ ಪುಸ್ತಕ ಮುಗಿದಾಗ ಹೊಸ ಪುಸ್ತಕ ಮತ್ತೆ 1ರಿಂದ ಶುರುವಾಗುವುದುಂಟು. ಹಾಗಾಗಿ ಪುಸ್ತಕದ ನಂಬರನ್ನೂ ಸೇರಿಸಿ `B3-021` ಅಂತ ಬರೆಯಿರಿ.

ತುಸು ಕಷ್ಟದ ಪ್ರಸಂಗ ಇನ್ನೊಂದಿದೆ. ಸಪ್ಲೈಯರ್ ಬಿಲ್ಲಿನಲ್ಲಿ ನಿಮ್ಮ ಆರ್ಡರ್ ನಂಬರ್ ತಪ್ಪು ಹಾಕಿ, ಅದನ್ನು ರದ್ದು ಮಾಡಿ ಹೊಸದು ಕಳಿಸುತ್ತಾರೆ. ಇ-ಇನ್ವಾಯ್ಸ್ ಆದರೆ 24 ಗಂಟೆಯೊಳಗೆ ಮಾತ್ರ ಪೋರ್ಟಲ್‌ನಲ್ಲಿ ರದ್ದು ಮಾಡಬಹುದು, ರದ್ದಾದ ನಂಬರನ್ನು ಮತ್ತೆ ಬಳಸುವಂತಿಲ್ಲ. ಆದ್ದರಿಂದ ಹೊಸ ಬಿಲ್ಲಿಗೆ ಹೊಸ ನಂಬರ್, ಹೊಸ ಐಆರ್‌ಎನ್ ಇರುತ್ತದೆ. ಮೊತ್ತ ಮಾತ್ರ ಅದೇ. ಮೊದಲ ಚೆಕ್ ಇದನ್ನು ಹಿಡಿಯಲಾರದು. ಹೊಸ ಬಿಲ್ ಅದೇ ದಿನದ್ದಾದರೆ ಎರಡನೆಯದು ಹಿಡಿಯುತ್ತದೆ. ಮಾರನೇ ದಿನದ್ದಾದರೆ ಅದೂ ಹಿಡಿಯುವುದಿಲ್ಲ, ಉಳಿಯುವುದು ಜಿಆರ್‌ಎನ್ ಒಂದೇ. ಜಿಆರ್‌ಎನ್ ಇಲ್ಲದೆ ಸರಕಿನ ಬಿಲ್ ಮುಂದೆ ಹೋಗಬಾರದು ಅಂತ ಪಟ್ಟು ಹಿಡಿಯುವುದು ಇದಕ್ಕೇ. ಸಾಧ್ಯವಾದರೆ ಒಂದು ಜಿಆರ್‌ಎನ್‌ಗೆ ಎರಡು ಬಿಲ್ ಬಿದ್ದರೂ ಎಚ್ಚರಿಸುವ ಹಾಗೆ ಅದೇ `COUNTIF` ಅನ್ನು `J` ಕಾಲಂ ಮೇಲೂ ಹಾಕಿ.

ಫೈಲ್ ಅಪ್‌ಲೋಡ್ ಮಾಡುವವರಿಗೆ

ಕೆಲವರು ಬಿಲ್ಲಿನ ಪಿಡಿಎಫ್ ಅಥವಾ ಫೋಟೋ ಒಂದು ಫೋಲ್ಡರ್‌ಗೆ ಹಾಕಿ ಅಲ್ಲಿಂದ ಎಂಟ್ರಿ ಮಾಡುತ್ತಾರೆ. ಫೈಲ್ ಹೆಸರು ನೋಡಿ ಹೋಲಿಸುವುದು ದಂಡ. ಫೈಲಿನ ಒಳಗಿರುವುದು ಒಂದೇನಾ ಅಂತ ವಿಂಡೋಸ್‌ನಲ್ಲಿ ಹೀಗೆ ನೋಡಬಹುದು:

```
certutil -hashfile bill.pdf SHA256
```

ಎರಡು ಫೈಲಿಗೂ ಒಂದೇ ಉದ್ದನೆಯ ಉತ್ತರ ಬಂದರೆ ಅವು ಒಂದೇ ಫೈಲ್. ಆದರೆ ಉತ್ತರ ಬೇರೆ ಬಂದರೆ ಬಿಲ್ ಬೇರೆ ಅಂತ ಅರ್ಥವಲ್ಲ. ಮೇಲ್‌ನಲ್ಲಿ ಬಂದ ಪಿಡಿಎಫ್ ಮತ್ತು ಅದನ್ನೇ ಪ್ರಿಂಟ್ ತೆಗೆದು ಮೊಬೈಲಿನಲ್ಲಿ ತೆಗೆದ ಫೋಟೋ, ಎರಡು ಬೇರೆ ಫೈಲ್. ಅದೇ ಫೋಟೋವನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿಯೇ ಕಳಿಸಿದರೂ ಅದು ಅಮುಕಿ ಚಿಕ್ಕದು ಮಾಡುವುದರಿಂದ ಉತ್ತರ ಬದಲಾಗುತ್ತದೆ. ಇದು ಒಂದೇ ಪಿಡಿಎಫ್ ಎರಡು ಸಲ ಹಾಕಿದ್ದನ್ನು ಹಿಡಿಯುವುದಕ್ಕೆ ಮಾತ್ರ.

ಅದಕ್ಕಿಂತ ನಂಬಬಹುದಾದದ್ದು ಐಆರ್‌ಎನ್. ವರ್ಷದ ವಹಿವಾಟು 5 ಕೋಟಿ ದಾಟಿದ ಸಪ್ಲೈಯರ್‌ಗಳು 2023ರ ಆಗಸ್ಟ್ 1ರಿಂದ ಇನ್ನೊಂದು ವ್ಯಾಪಾರಕ್ಕೆ ಕೊಡುವ ಬಿಲ್ಲನ್ನು ಇ-ಇನ್ವಾಯ್ಸ್ ಆಗಿಯೇ ಕೊಡಬೇಕು. ಅದರ ಕ್ಯೂಆರ್ ಕೋಡ್‌ನಲ್ಲಿ ಐಆರ್‌ಎನ್, ಎರಡೂ ಕಡೆಯ ಜಿಎಸ್‌ಟಿ ನಂಬರ್, ಬಿಲ್ ನಂಬರ್, ದಿನಾಂಕ, ಮೊತ್ತ ಎಲ್ಲ ಇರುತ್ತವೆ. ನಿಮ್ಮ ಸಾಫ್ಟ್‌ವೇರ್ ಆ ಕ್ಯೂಆರ್ ಓದಿ ತಾನೇ ತುಂಬಿಕೊಳ್ಳುವ ಹಾಗಿದ್ದರೆ ಟೈಪಿಂಗ್ ತಪ್ಪಿನ ಮಾತೇ ಇಲ್ಲ. ಮಾಮೂಲಿ ಕ್ಯೂಆರ್ ಆ್ಯಪ್‌ನಲ್ಲಿ ತೋರಿಸಿದರೆ ಅರ್ಥವಾಗದ ಉದ್ದದ ಅಕ್ಷರಮಾಲೆ ಬರುತ್ತದೆ, ಗಾಬರಿ ಬೇಡ. ಸಣ್ಣ ಸಪ್ಲೈಯರ್‌ಗಳ ಬಿಲ್ಲಿನಲ್ಲಿ ಐಆರ್‌ಎನ್ ಇರುವುದಿಲ್ಲ, ಅವಕ್ಕೆ ಮೇಲಿನ ಎರಡು ಚೆಕ್‌ಗಳೇ ಗತಿ.

ಏಪ್ರಿಲ್ 1

ಹೊಸ ವರ್ಷಕ್ಕೆ ಹೊಸ ಫೈಲ್ ತೆಗೆಯುವುದು ನಮ್ಮ ಆಫೀಸುಗಳ ಪದ್ಧತಿ. ಈ ರಿಜಿಸ್ಟರ್ ವಿಷಯದಲ್ಲಿ ಹಾಗೆ ಮಾಡಬೇಡಿ. ಮಾರ್ಚ್ ಕೊನೆಯ ಬಿಲ್ಲುಗಳ ಒರಿಜಿನಲ್ ಬರುವುದು ಏಪ್ರಿಲ್‌ನಲ್ಲೇ. ಹೊಸ ಖಾಲಿ ಫೈಲಿಗೆ ಹಳೇ ಬಿಲ್ ಗೊತ್ತಿರುವುದಿಲ್ಲ, ನಗುತ್ತಾ ಒಳಗೆ ಬಿಟ್ಟುಕೊಳ್ಳುತ್ತದೆ. ಒಂದು ವರ್ಷದ ಬಿಲ್ಲಿನ ತೆರಿಗೆ ಕ್ರೆಡಿಟ್ ತೆಗೆದುಕೊಳ್ಳಲು ಮುಂದಿನ ನವೆಂಬರ್ 30ರ ತನಕ, ಅಥವಾ ವಾರ್ಷಿಕ ರಿಟರ್ನ್ ಅದಕ್ಕೂ ಮೊದಲು ಸಲ್ಲಿಸಿದರೆ ಆ ದಿನದ ತನಕ, ಅವಕಾಶ ಇದೆ. ಕಡೇ ಪಕ್ಷ ಅಲ್ಲಿಯವರೆಗೆ ಹಳೇ ಸಾಲುಗಳು ಇದೇ ಶೀಟಿನಲ್ಲಿರಲಿ. ಗುರುತಿನಲ್ಲಿ ವರ್ಷ ಸೇರಿಸಿರುವುದರಿಂದ ಹಳೆಯ 0417 ಮತ್ತು ಹೊಸ ವರ್ಷದ 0417 ಜಗಳ ಆಡುವುದಿಲ್ಲ.

ಆಗಲೇ ಎರಡು ಸಲ ಏರಿದ್ದರೆ

ರಿಜಿಸ್ಟರ್ ಕಟ್ಟಿದ ದಿನ ಹಳೇ ಬಿಲ್ಲುಗಳನ್ನೂ ಅದರಲ್ಲಿ ತುಂಬಿದರೆ ಕೆಲವು ಸಿಕ್ಕೇ ಸಿಗುತ್ತವೆ. ಪೇಮೆಂಟ್ ಇನ್ನೂ ಆಗಿಲ್ಲ ಅಂದರೆ ಕೆಲಸ ಸುಲಭ. ಎರಡನೇ ಎಂಟ್ರಿಯನ್ನು ರದ್ದು ಮಾಡಿ. ರಿಜಿಸ್ಟರ್‌ನಿಂದ ಆ ಸಾಲು ಅಳಿಸಬೇಡಿ, ಪಕ್ಕದಲ್ಲಿ "ಪುನರಾವರ್ತನೆ" ಅಂತ ಬರೆದು, ಯಾವ ಸಾಲಿನ ಬಿಲ್ ಅಂತ ಗುರುತು ಹಾಕಿ. ಅದೇ ಪಿಡಿಎಫ್ ಮೂರನೇ ಸಲ ಬಂದಾಗ ಉಪಯೋಗಕ್ಕೆ ಬರುತ್ತದೆ.

ದುಡ್ಡೂ ಹೋಗಿದ್ದರೆ ಸಪ್ಲೈಯರ್ ಹತ್ತಿರ ಅವರ ಲೆಡ್ಜರ್ ತರಿಸಿ. ಅವರ ಲೆಕ್ಕದಲ್ಲಿ ಬಿಲ್ ಒಂದೇ ಇರುತ್ತದೆ, ನಿಮ್ಮ ಹೆಚ್ಚಿನ 48,616 ಅಡ್ವಾನ್ಸ್ ಆಗಿ ನಿಂತಿರುತ್ತದೆ. ಮುಂದಿನ ಬಿಲ್ಲಿಗೆ ಹೊಂದಿಸಿಕೊಳ್ಳುವುದೋ ವಾಪಸ್ ಕೇಳುವುದೋ ನಿಮ್ಮಿಷ್ಟ, ಆದರೆ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ.

ಜಿಎಸ್‌ಟಿ ಕಡೆಯೂ ಒಂದು ಸಾಲ ಉಳಿದಿರಬಹುದು. 7,416 ರೂಪಾಯಿಯ ಕ್ರೆಡಿಟ್ ಎರಡು ಸಲ ತೆಗೆದುಕೊಂಡಿದ್ದೀರಾ ನೋಡಿ. ಸಪ್ಲೈಯರ್‌ಗಳು ತೋರಿಸಿದ ಬಿಲ್ಲುಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಆ ಬಿಲ್ ಒಂದೇ ಸಲ ಇರುತ್ತದೆ. ಎರಡು ಸಲ ತೆಗೆದುಕೊಂಡಿದ್ದರೆ ಒಂದನ್ನು ವಾಪಸ್ ಕಟ್ಟಬೇಕು, ಮತ್ತು ಆ ಕ್ರೆಡಿಟ್ ಬಳಸಿಯೂ ಆಗಿದ್ದರೆ ವರ್ಷಕ್ಕೆ 18% ಬಡ್ಡಿ ಸೇರುತ್ತದೆ. ಕ್ರೆಡಿಟ್ ಲೆಡ್ಜರ್‌ನಲ್ಲಿ ಹಾಗೇ ಕೂತಿದ್ದು ಬಳಸಿರದಿದ್ದರೆ ಬಡ್ಡಿ ಇಲ್ಲ. ಮುಂದಿನ 3ಬಿ ರಿಟರ್ನ್ ಹಾಕುವ ಮೊದಲೇ ಈ ಸಾಲುಗಳ ಪಟ್ಟಿಯನ್ನು ನಿಮ್ಮ ಆಡಿಟರ್‌ಗೆ ಕಳಿಸಿ.